ಸಂಸಾರದ ವಿಷಯದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ

ದುಭಾಷಿ ಒಮ್ಮೆ ಅಪೆಂಡಿಕ್ಸ್ ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದಾಗ, ಅದನ್ನು ಓದಿಸಿಕೊಂಡ ರೋಗಿಯ ಅಪೆಂಡಿಕ್ಸ್ ಆ ಭಾಷೆಗೆ ಮರುಳಾಗಿ, ಚಾಕುವಿಗೂ ಕಾಯದೆ ತಾನಾಗಿಯೇ ಹೊರಗೆ ಬಂದು ಟ್ರೇಯಲ್ಲಿ ಅಂಗಾತ ಮಲಗಿತ್ತಂತೆ. ಡಾಕ್ಟರು ಕೈಗೆ ಹಾಕಿಕೊಂಡಿದ್ದ ಗ್ಲೌಸ್ ಬಿಚ್ಚಿ ಮನೆಗೆ ಹೋದರಂತೆ. ಇದನ್ನು ನೋಡಿದವರು ಯಾರು ಎಂದು ಕೇಳಿದರೆ, ನೋಡಿದವರೆಲ್ಲ ಈಗ ಬೇರೆ ಆಸ್ಪತ್ರೆಗಳಲ್ಲಿದ್ದಾರೆ ಎಂದು ದುಭಾಷಿ ನಿಟ್ಟುಸಿರು ಬಿಡುತ್ತಿದ್ದ.

ಆ ಆಸ್ಪತ್ರೆಯಲ್ಲಿ ಕನ್ನಡ ಬರುತ್ತಿದ್ದವನು ಅವನೊಬ್ಬನೇ. ಡಾಕ್ಟರುಗಳು, ನರ್ಸುಗಳು, ಲಿಫ್ಟಿನ ಒಳಗೆ ಮಾತಾಡುವ ಹೆಂಗಸಿನ ದನಿ, ಎಲ್ಲವೂ ಇಂಗ್ಲಿಷು. ಹಾಗಾಗಿ ಅವನು ಹೇಳಿದ್ದನ್ನು ಅಲ್ಲಗಳೆಯುವವರೇ ಇರಲಿಲ್ಲ. ಅಲ್ಲಗಳೆಯುವವರು ಇಲ್ಲದ ಕಡೆ ಮನುಷ್ಯ ಎಷ್ಟು ಎತ್ತರ ಬೆಳೆಯಬಹುದೋ ಅಷ್ಟೂ ಬೆಳೆದಿದ್ದ. ಕೊರಳಲ್ಲಿ ಗುರುತಿನ ಚೀಟಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ನಡೆದರೆ ಕಾರಿಡಾರಿನ ನೆಲವೇ ಅವನ ಬೂಟಿನ ಸದ್ದಿಗೆ ಹೂಂಗುಟ್ಟಬೇಕು. ಜ್ವರ ಬಂದವರನ್ನು ಬೆಂಕಿ ಬಿದ್ದವರು ಎನ್ನುತ್ತಿದ್ದ. ಕ್ಯಾಂಟೀನಿನಲ್ಲಿ ಎರಡು ನಿಮಿಷ ಸಾಲಿನಲ್ಲಿ ನಿಂತರೆ ಅರ್ಧ ಆಯುಸ್ಸು ಅಲ್ಲೇ ಕಳೆಯಿತು ಎನ್ನುತ್ತಿದ್ದ. ಇರುವುದನ್ನು ಇರುವ ಅಳತೆಯಲ್ಲೇ ಹೇಳಿದ್ದು ಅವನಿಗೇ ನೆನಪಿರಲಿಲ್ಲ. ಹಿಗ್ಗಿಸುವುದು ಹುಟ್ಟುಗುಣ. ಕುಗ್ಗಿಸಿದ್ದು ಒಂದೇ ಒಂದು ಸಲ. ಅದೂ ಎಲ್ಲಿ ಕುಗ್ಗಿಸಬಾರದಿತ್ತೋ ಅಲ್ಲಿ.

ಅದು ಪ್ರಾಸ್ಟೇಟ್ ಆಪರೇಷನ್ನಿನ ಒಪ್ಪಿಗೆ ಪತ್ರ. ವಯಸ್ಸಾದ ಗಂಡಸರಿಗೆ ಮೂತ್ರದ ದಾರಿಯ ಸುತ್ತ ಇರುವ ಗ್ರಂಥಿ ಊದಿಕೊಂಡು ದಾರಿಯನ್ನೇ ಅಮುಕುತ್ತದಲ್ಲ, ಅದಕ್ಕೆ ಮಾಡುವ ಆಪರೇಷನ್ನು. ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರದ ದಾರಿಯಿಂದಲೇ ಸಪೂರ ಕೊಳವೆ ತೂರಿಸಿ, ಒಳಗೆ ಬೆಳೆದಿದ್ದನ್ನು ಹೆರೆದು ತೆಗೆಯುತ್ತಾರೆ. ಆರು ತಿಂಗಳ ಹಿಂದೆ ಆಸ್ಪತ್ರೆಯ ಆಫೀಸಿನವರು ಇಂಗ್ಲಿಷಿನ ನಾಲ್ಕು ಪುಟ ಕೊಟ್ಟು, ಓದುಬರಹ ಕಡಿಮೆ ಇರುವವರಿಗೂ ತಿಳಿಯುವ ಹಾಗೆ ಕನ್ನಡ ಮಾಡಿಕೊಡಿ ಎಂದಿದ್ದರು.

ಮೊದಲ ಎರಡು ಪುಟ ದುಭಾಷಿ ಕುದುರೆಯ ಮೇಲೆ ಕೂತವನ ಹಾಗೆ ಓಡಿದ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ ಎಂದು ಬರೆದ. ಕೆಲವು ದಿನ ಮೂತ್ರದಲ್ಲಿ ರಕ್ತ ಬರುತ್ತದೆ, ಸೋಂಕು ಆಗಬಹುದು, ಕೆಲವು ವಾರ ಮೂತ್ರ ತಡೆಯಲು ಕಷ್ಟವಾಗಬಹುದು, ಮುಂದೆ ಮತ್ತೊಮ್ಮೆ ಆಪರೇಷನ್ ಬೇಕಾಗಬಹುದು ಎಂದೆಲ್ಲ ಸರಿಯಾಗಿಯೇ ಬರೆದ. ಮೂರನೆಯ ಪುಟದ ನಡುವೆ ಕುದುರೆ ನಿಂತಿತು. ಅಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಈ ಆಪರೇಷನ್ ಆದ ಹತ್ತು ಗಂಡಸರಲ್ಲಿ ಏಳೆಂಟು ಜನಕ್ಕೆ ಆಮೇಲೆ ವೀರ್ಯ ಹೊರಗೆ ಬರುವುದಿಲ್ಲ, ಹಿಂದಕ್ಕೆ ಮೂತ್ರಚೀಲಕ್ಕೆ ಹೋಗುತ್ತದೆ. ಅದರಿಂದ ದೇಹಕ್ಕೆ ಕೆಡುಕಿಲ್ಲ. ಆದರೆ ಸಹಜವಾಗಿ ಮಗುವಾಗುವುದು ಕಷ್ಟ. ಮಗು ಬೇಕೆನ್ನುವವರು ಆಪರೇಷನ್ನಿಗೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ದುಭಾಷಿ ಪೆನ್ನಿನ ತುದಿ ಕಚ್ಚಿದ. ಬಣ್ಣ ಬದಲಿಸಿ ಇನ್ನೊಂದು ಪೆನ್ನಿನ ತುದಿ ಕಚ್ಚಿದ. ಇಂಗ್ಲಿಷಿನಲ್ಲಿ ಓದುವಾಗ ಅದು ನಲ್ಲಿ ರಿಪೇರಿಯ ಮಾತಿನ ಹಾಗಿತ್ತು. ಕನ್ನಡದಲ್ಲಿ ಬರೆಯಲು ಹೋದರೆ, ಹಿಂದೆ ಯಾರೋ ನಿಂತು ಓದುತ್ತಿದ್ದಾರೆ ಅನಿಸುತ್ತಿತ್ತು. ಸತ್ತುಹೋದ ಅಪ್ಪ ಓದುತ್ತಿದ್ದಾರೆ. ಶಾಲೆಯ ಟೀಚರಮ್ಮ ಓದುತ್ತಿದ್ದಾರೆ. ಇದನ್ನು ತಾನು ಬರೆದರೆ, ನಾಳೆ ಯಾರದೋ ಎದುರು ಬಾಯಿಬಿಟ್ಟು ಹೇಳಲೂಬೇಕು. ಆ ಯಾರದೋ ಪಕ್ಕದಲ್ಲಿ ಹೆಂಡತಿಯೋ ಸೊಸೆಯೋ ಕೂತಿರುತ್ತಾರೆ. ಕಿವಿ ಬಿಸಿಯಾಯಿತು. ಕೊನೆಗೆ ಬರೆದ: “ಶಸ್ತ್ರಚಿಕಿತ್ಸೆಯ ತರುವಾಯ ಸಂಸಾರದ ವಿಷಯದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಂಡುಬರಬಹುದು.” ಬರೆದು ಓದಿಕೊಂಡ. ಎಷ್ಟು ಗೌರವಸ್ಥ ವಾಕ್ಯ, ಇದನ್ನು ಮದುವೆಯ ಕರೆಯೋಲೆಯ ಹಿಂದೆಯೂ ಅಚ್ಚು ಹಾಕಿಸಬಹುದು ಅಂದುಕೊಂಡ.

ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಕನ್ನಡ ಮಾಡಿದ್ದನ್ನು, ಮೂಲವನ್ನು ನೋಡದ ಇನ್ನೊಬ್ಬ ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಏನು ಸೋರಿಹೋಗಿದೆ ಎಂದು ಆಫೀಸಿನವರು ನೋಡುತ್ತಾರೆ. ಆಮೇಲೆ ನಾಲ್ಕಾರು ಸಾಮಾನ್ಯ ಜನಕ್ಕೆ ಓದಲು ಕೊಟ್ಟು, ಏನು ತಿಳಿಯಿತು ಎಂದು ಕೇಳಬೇಕು. ದುಭಾಷಿಗೆ ಇದು ಅವಮಾನವೆನಿಸಿತು. ತನ್ನ ಕನ್ನಡಕ್ಕೆ ಪರೀಕ್ಷೆಯೇ. ಅವನ ಭಾವಮೈದುನ ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ನು, ಎರಡೂ ಭಾಷೆ ಓದಬಲ್ಲ. ಅವನ ಹೆಸರನ್ನು ಎರಡನೆಯ ಅನುವಾದಕ ಎಂದು ಬರೆಸಿದ.

“ಏನು ಭಾವ ಇದು, ಓದ್ಬೇಕಾ?” ಎಂದ ಭಾವಮೈದುನ, ಸ್ಪ್ರಿಂಗ್ ಹಾಸಿಗೆಯ ಮೇಲೆ ಕೂತು.

“ಓದೋಕೆ ನಾನಿಲ್ವೇನೋ. ನೀನು ಸಹಿ ಹಾಕು.”

“ನನಗೇನಾದ್ರೂ ಬರತ್ತಾ ಇದರಲ್ಲಿ?”

“ಪುಣ್ಯ ಬರತ್ತೆ. ಹಾಕು.”

ಮರುಅನುವಾದವನ್ನೂ ದುಭಾಷಿಯೇ ಬರೆದ. ಕನ್ನಡವನ್ನು ನೋಡಿ ಬರೆಯಬೇಕಾದದ್ದನ್ನು, ಮೂಲ ಇಂಗ್ಲಿಷನ್ನು ಪಕ್ಕದಲ್ಲಿಟ್ಟುಕೊಂಡು ಅಲ್ಲೊಂದು ಇಲ್ಲೊಂದು ಶಬ್ದ ಬದಲಿಸಿ ಬರೆದ. ಏಳೆಂಟು ಜನ, ವೀರ್ಯ, ಮೂತ್ರಚೀಲ, ಮಗು, ಎಲ್ಲವೂ ಅದರಲ್ಲಿ ಒಂದೂ ತಪ್ಪದೆ ಬಂದವು. ಓದಬೇಕಿದ್ದ ಸಾಮಾನ್ಯ ಜನರ ಅಭಿಪ್ರಾಯವನ್ನೂ ಅವನೇ ಬರೆದ. ಅವರೆಲ್ಲರಿಗೂ ತುಂಬಾ ತಿಳಿದಿತ್ತು. ಆಫೀಸಿನವರು ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಹೀಗೂ ಹೊಂದುತ್ತದಾ ಎಂದು ಬೆರಗಾಗಿ ಮೊಹರು ಒತ್ತಿದರು. ಅವತ್ತಿನಿಂದ ಕಾಗದ ಬಳಕೆಗೆ ಬಂತು.

ಟೈಲರು ಬಂದದ್ದು ಆಮೇಲೆ.

ಐವತ್ತೈದರ ಆಸುಪಾಸಿನ ಮನುಷ್ಯ. ಕತ್ತಿನಲ್ಲಿ ಅಳತೆಯ ಟೇಪು ಆಸ್ಪತ್ರೆಗೂ ಬಂದಿತ್ತು, ತೆಗೆಯುವುದು ಮರೆತಿದ್ದ. ರಾತ್ರಿಯಿಡೀ ಬಚ್ಚಲಿಗೆ ಓಡಾಡಿ ಕಣ್ಣ ಕೆಳಗೆ ಕಪ್ಪು. ಹಗಲು ಮಿಶಿನ್ನಿನ ಮುಂದೆ ಕೂತರೆ ಒಂದು ಪ್ಯಾಂಟಿನ ಕಾಲು ಮುಗಿಸುವಷ್ಟರಲ್ಲಿ ಮೂರು ಸಲ ಏಳಬೇಕು. ಜೊತೆಗೆ ಹೆಂಡತಿ. ಅವನಿಗಿಂತ ಬಹಳ ಚಿಕ್ಕವಳು, ಮೂವತ್ತಾರಿರಬಹುದು. ಅವನ ಅಂಗಡಿಯಲ್ಲೇ ಗುಂಡಿಯ ಕಾಜಾ ಹೊಲಿಯುತ್ತಾಳೆ. ಟೈಲರಿನ ಮೊದಲ ಹೆಂಡತಿ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ ಇವಳನ್ನು ಮದುವೆಯಾಗಿದ್ದ. ದುಭಾಷಿಯನ್ನು ಕಂಡ ಕೂಡಲೇ ಅವಳು, “ಅಣ್ಣಾ, ಈ ಊರಲ್ಲಿ ನಮ್ಮ ಮಾತಾಡೋರು ಸಿಕ್ಕಿದ್ರಲ್ಲ, ಅರ್ಧ ಭಾರ ಇಳೀತು” ಅಂದಳು. ಅಣ್ಣಾ ಅಂದುಬಿಟ್ಟಳು. ದುಭಾಷಿಯ ಎದೆ ಊದಿತು. ಆ ಶಬ್ದವೇ ಮುಂದೆ ನಾಲಿಗೆಗೆ ಗಂಟಾಗುತ್ತದೆಂದು ಅವನಿಗೆ ಆಗ ಹೊಳೆಯಲಿಲ್ಲ.

ಡಾಕ್ಟರು ಹೆಂಗಸು. ಬಿಳಿಗೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಮಾದರಿ ಇಟ್ಟು, ಇದು ಮೂತ್ರಚೀಲ, ಇದು ಗ್ರಂಥಿ, ಇದು ದಾರಿ ಎಂದು ಬೆರಳಿಟ್ಟು ತೋರಿಸುತ್ತಾ, ಒಂದೊಂದು ವಾಕ್ಯಕ್ಕೂ ನಿಂತು, ದುಭಾಷಿ ಹೇಳುವವರೆಗೆ ಕಾಯುತ್ತಾ ಹೋದರು. ಆಪರೇಷನ್ ಒಂದೇ ದಾರಿಯಲ್ಲ ಎಂದರು. ಈಗ ನುಂಗುತ್ತಿರುವ ಮಾತ್ರೆ ಸಾಲದಿದ್ದರೆ ಇನ್ನೊಂದು ಬಗೆಯ ಮಾತ್ರೆ ಸೇರಿಸಿ ನೋಡಬಹುದು. ಏನೂ ಮಾಡದೆ ಕೆಲವು ತಿಂಗಳು ಕಾದು ನೋಡಬಹುದು. ಬೇರೆ ಬಗೆಯ ಚಿಕಿತ್ಸೆಗಳೂ ಇವೆ, ಅವುಗಳ ಲಾಭ ಕಡಿಮೆಯಿರಬಹುದು, ಆದರೆ ಕೆಲವು ತೊಂದರೆಗಳೂ ಕಡಿಮೆ. ದುಭಾಷಿ ಇಷ್ಟನ್ನು ಚೆನ್ನಾಗಿಯೇ ಹೇಳಿದ, ಜೊತೆಗೆ ಡಾಕ್ಟರಮ್ಮನ ಕೈ ಮುಟ್ಟಿದರೆ ಕಲ್ಲೂ ಕರಗುತ್ತದೆ ಎಂದು ತನ್ನದೊಂದು ಸೇರಿಸಿದ.

ಆಮೇಲೆ ಡಾಕ್ಟರು ಆ ಮಾತಿಗೆ ಬಂದರು. ವೀರ್ಯದ ಮಾತಿಗೆ. ಬೆರಳನ್ನು ಮಾದರಿಯ ಮೇಲೆ ಹಿಂದಕ್ಕೆ ಎಳೆದು ತೋರಿಸಿ, “ಇದನ್ನು ಇವರಿಗೆ ಸ್ಪಷ್ಟವಾಗಿ ಹೇಳಿ. ಮಕ್ಕಳ ಯೋಚನೆ ಇದೆಯಾ ಎಂದೂ ಕೇಳಿ” ಎಂದರು.

ದುಭಾಷಿ ಟೈಲರನ್ನು ನೋಡಿದ. ಟೈಲರಿನ ನರೆತ ಮೀಸೆ ನೋಡಿದ. ಅಣ್ಣಾ ಎಂದವಳು ಎರಡೂ ಕಣ್ಣು ಅರಳಿಸಿ ತನ್ನ ಬಾಯನ್ನೇ ನೋಡುತ್ತಿದ್ದಳು.

“ಆಪರೇಷನ್ ಆದ್ಮೇಲೆ ಸಂಸಾರದ ವಿಷಯದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದಂತೆ. ಅಂಥದ್ದೇನಿಲ್ಲ,” ಎಂದ ಅವನು, ಗೋಡೆಯ ಕಡೆ ತಿರುಗಿ. “ಮಕ್ಕಳು ಎಷ್ಟು ನಿಮಗೆ?”

“ಒಬ್ಬಳು ಮಗಳು ಸಾರ್. ಮೊದಲನೆಯವಳದು. ಮದುವೆ ಮಾಡಿ ಕಳಿಸಾಯ್ತು.”

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು, ಗಂಡನ ಮುಖ ನೋಡಿ ಸುಮ್ಮನಾದಳು. ದುಭಾಷಿ ಡಾಕ್ಟರಿಗೆ ಹೇಳಿದ: ಒಬ್ಬಳು ಮಗಳು, ದೊಡ್ಡವಳಾಗಿ ಮದುವೆಯಾಗಿದೆ. ಡಾಕ್ಟರು ಅದನ್ನು ಹಾಗೆಯೇ ಬರೆದುಕೊಂಡು ಮುಂದೆ ಹೋದರು. ಕೇಳಿದ್ದು ಒಂದು, ಉತ್ತರ ಇನ್ನೊಂದಕ್ಕೆ, ಎರಡೂ ನಡುವಿನವನ ಬಾಯಿಂದಲೇ ಬಂದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಟೈಲರು ಮೂರನೆಯ ಪುಟದ ಆ ಸಾಲಿನ ಮೇಲೆ ಕಣ್ಣಾಡಿಸಿ, ನಾಲ್ಕನೆಯ ಪುಟದಲ್ಲಿ ಸಹಿ ಹಾಕಿದ. ಕೆಳಗೆ, ಇದರಲ್ಲಿರುವುದನ್ನೆಲ್ಲ ರೋಗಿಗೆ ಅವರ ಭಾಷೆಯಲ್ಲಿ ಪೂರ್ತಿಯಾಗಿ ತಿಳಿಸಿದ್ದೇನೆ ಎಂಬ ಅಚ್ಚಿನ ಸಾಲಿನಡಿ, ದುಭಾಷಿ ಸಹಿ ಹಾಕಿದ. ಅವನ ಸಹಿ ಟೈಲರಿನದಕ್ಕಿಂತ ಮೂರು ಪಟ್ಟು ದೊಡ್ಡದಿತ್ತು.

ಆಪರೇಷನ್ನಿನ ಬೆಳಿಗ್ಗೆ. ಥಿಯೇಟರಿನ ಪಕ್ಕದ ಕಾಯುವ ಕೋಣೆ. ಮಂಚದ ಮೇಲೆ ಟೈಲರು ಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ನಿಲುವಂಗಿ ತೊಟ್ಟು ಕೂತಿದ್ದ.

“ಯಾವ ಪುಣ್ಯಾತ್ಮ ಹೊಲಿದನಪ್ಪ ಇದನ್ನ,” ಎಂದ ಅವನು ತೋಳಿನ ಹೊಲಿಗೆ ಎಳೆದು ನೋಡುತ್ತಾ. “ಮುಂದೆ ಇರ್ಬೇಕಾದ್ದು ಹಿಂದೆ, ಹಿಂದೆ ಮುಚ್ಚಬೇಕಾದ್ದು ಪೂರ್ತಿ ಬಯಲು.”

“ಸುಮ್ನೆ ಕೂತ್ಕೊಳ್ಳಿ, ಯಾರಾದ್ರೂ ಕೇಳಿಸ್ಕೊಂಡಾರು,” ಎಂದಳು ಹೆಂಡತಿ.

“ಕೇಳಿಸ್ಕೊಂಡ್ರೂ ತಿಳಿಯೋದು ಇವರೊಬ್ಬರಿಗೇ.”

ದುಭಾಷಿ ನಕ್ಕ. ಇವತ್ತು ಡಾಕ್ಟರು ಬಂದು ಎರಡು ಮಾತಾಡಿ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ಡಾಕ್ಟರು ಬಂದರು, ಆದರೆ ಕುರ್ಚಿ ಎಳೆದುಕೊಂಡು ಕೂತರು. ಕೈಯಲ್ಲಿ ಸಹಿಯಾದ ಕಾಗದ.

“ಒಳಗೆ ಹೋಗುವ ಮೊದಲು ಒಂದು ಕೆಲಸ,” ಎಂದರು ಇಂಗ್ಲಿಷಿನಲ್ಲಿ. “ಈ ಆಪರೇಷನ್ ಆದ ಮೇಲೆ ತಮ್ಮ ದೇಹದಲ್ಲಿ ಏನೇನು ಬದಲಾಗುತ್ತದೆ ಎಂದು ಅವರಿಗೆ ತಿಳಿದಿರುವುದನ್ನು ಅವರ ಮಾತಿನಲ್ಲೇ ಹೇಳಲಿ. ಪರೀಕ್ಷೆ ಅವರಿಗಲ್ಲ. ನಾವು ಸರಿಯಾಗಿ ಹೇಳಿದ್ದೇವೆಯೇ ಎಂದು ನೋಡಲು.”

ದುಭಾಷಿ ಅದನ್ನು ಹೇಳಿದ. ಟೈಲರು ಗಂಟಲು ಸರಿಮಾಡಿಕೊಂಡ.

“ಕೆಲವು ದಿನ ರಕ್ತ ಹೋಗತ್ತೆ. ಸ್ವಲ್ಪ ಕಾಲ ತಡೆಯೋಕಾಗಲ್ಲ, ಒದ್ದೆ ಆಗಬಹುದು. ಆಮೇಲೆ ರಾತ್ರಿ ನೆಮ್ಮದಿಯಾಗಿ ನಿದ್ದೆ. ಸಂಸಾರದಲ್ಲಿ ಏನೋ ಅಲ್ಪಸ್ವಲ್ಪ ಅಂತ ಇದೆ, ಅದು ಗೊತ್ತಿದ್ದೇ, ಆಸ್ಪತ್ರೆ ಖರ್ಚು ಅಂದ್ರೆ ಮನೇಲಿ ಒಂದೆರಡು ತಿಂಗಳು ಕೈ ಬಿಗಿ ಹಿಡೀಬೇಕು. ಹೇಗೋ ತೂಗಿಸ್ತೀವಿ.”

ದುಭಾಷಿ ಬಾಗಿಲ ಕಡೆ ನೋಡಿದ. ತಳ್ಳುಗಾಡಿ ಬಾಗಿಲಲ್ಲಿ ನಿಂತಿದೆ. ಡಾಕ್ಟರು ಕಾಯುತ್ತಿದ್ದಾರೆ. ಈಗ ಬಾಯಿಬಿಟ್ಟರೆ ಆ ಸಾಲು ಬರುತ್ತದೆ, ಸಾಲಿನ ಹಿಂದೆ ಮರುಅನುವಾದ ಬರುತ್ತದೆ, ಅದರ ಹಿಂದೆ ಸ್ಪ್ರಿಂಗ್ ಹಾಸಿಗೆಯ ಮೇಲೆ ಕೂತ ಭಾವಮೈದುನ ಬರುತ್ತಾನೆ. ಮೊದಲು ನಾಚಿಕೆಯಿತ್ತು. ಈಗ ನಾಚಿಕೆಯ ಜೊತೆಗೆ ಹೆದರಿಕೆಯೂ ಸೇರಿತು.

“ರಕ್ತ ಹೋಗುವುದು, ಮೂತ್ರ ತಡೆಯಲಾಗದಿರುವುದು ಗೊತ್ತಿದೆ ಎನ್ನುತ್ತಾರೆ,” ಎಂದ ಡಾಕ್ಟರಿಗೆ. “ವೀರ್ಯದ ವಿಷಯವೂ ಗೊತ್ತಿದೆಯಂತೆ. ಹೇಗೋ ಹೊಂದಿಕೊಳ್ಳುತ್ತೇವೆ ಎನ್ನುತ್ತಾರೆ.”

ಇಂಗ್ಲಿಷಿನಲ್ಲಿ ಆ ಶಬ್ದ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಅಚ್ಚರಿ.

ಡಾಕ್ಟರು ಏಳಲು ಹೊರಟರು. ಅಷ್ಟರಲ್ಲಿ ಹೆಂಡತಿ, “ಅಣ್ಣಾ, ಒಂದು ಕೇಳಬಹುದಾ ಅವರನ್ನ?” ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಅವತ್ತೇ ಕೇಳ್ಬೇಕಂತಿದ್ದೆ, ಇವರು ನಾಚ್ಕೊಂಡ್ರು. ನಮಗೆ ಒಂದು ಮಗು ಆಗ್ಲಿ ಅಂತ ಇದೆ. ನನಗೂ ವಯಸ್ಸು ಕಾಯಲ್ವಲ್ಲ. ಈ ಬಚ್ಚಲ ಓಡಾಟದಲ್ಲಿ ಇವರಿಗೆ ನಿದ್ದೇನೇ ಇಲ್ಲ, ಇನ್ನು ಮಗು ಎಲ್ಲಿಂದ. ಅದಕ್ಕೇ ಆಪರೇಷನ್ ಮಾಡಿಸ್ಕೊಳ್ಳಿ ಅಂತ ನಾನೇ ಹಟ ಹಿಡಿದಿದ್ದು. ಆದ್ಮೇಲೆ ಎಷ್ಟು ದಿನ ಬಿಡಬೇಕು ಅಂತ ಕೇಳಿ.”

ಟೈಲರು ಕಿವಿಯವರೆಗೂ ಕೆಂಪಾಗಿ ನಿಲುವಂಗಿಯ ಲಾಡಿ ನೋಡುತ್ತಾ ಕೂತ.

“ಏನಂತೆ?” ಎಂದರು ಡಾಕ್ಟರು.

ದುಭಾಷಿ ಡಾಕ್ಟರ ಕಡೆ ತಿರುಗಿದ. ಬೆಟ್ಟ ಕುಸಿಯಿತು, ಭೂಮಿ ಬಾಯಿಬಿಟ್ಟಿತು ಎಂದೆಲ್ಲ ಹೇಳುವ ಮನುಷ್ಯ. ಏನೂ ಕುಸಿಯಲಿಲ್ಲ. ಗೋಡೆಯ ಮೇಲಿನ ಫ್ಯಾನು ಅಷ್ಟೇ ತಿರುಗುತ್ತಿತ್ತು.

“ಯಾವಾಗ ಕೆಲಸಕ್ಕೆ ಹೋಗಬಹುದು ಎಂದು ಕೇಳುತ್ತಿದ್ದಾರೆ,” ಎಂದ.

“ಮೂರು ನಾಲ್ಕು ವಾರ. ಭಾರ ಎತ್ತಬಾರದು.”

ಅವನು ತಿರುಗಿದ. “ಮೂರು ನಾಲ್ಕು ವಾರ ಅಂತಾರೆ.”

“ಅಷ್ಟೇನಾ?” ಅವಳ ಮುಖ ಎಷ್ಟು ಬೆಳಗಿತೆಂದರೆ, ಅದನ್ನು ಹಿಗ್ಗಿಸಿ ಹೇಳುವ ಅಗತ್ಯವೇ ಇರಲಿಲ್ಲ. ಖುಷಿ ತಡೆಯದೆ ಅವಳು ನೇರ ಡಾಕ್ಟರ ಕಡೆಗೇ ತಿರುಗಿದಳು. ನಾಲ್ಕು ಬೆರಳು ಎತ್ತಿ ತೋರಿಸಿದಳು. ಆಮೇಲೆ ಎರಡೂ ತೋಳು ಮಡಿಸಿ, ಅದರೊಳಗೆ ಏನೋ ಇದೆ ಎಂಬ ಹಾಗೆ ಮೆಲ್ಲಗೆ ತೂಗಿ, ಗಂಡನನ್ನೂ ತನ್ನನ್ನೂ ಬೆರಳಿಂದ ತೋರಿಸಿ, ಸರಿಯಾ ಎಂದು ಹುಬ್ಬಿನಲ್ಲೇ ಕೇಳಿದಳು.

ಡಾಕ್ಟರು ಎದ್ದವರು ಮತ್ತೆ ಕೂತರು. ಅವಳ ಖಾಲಿ ತೋಳುಗಳನ್ನು ನೋಡಿದರು. ಆಮೇಲೆ ದುಭಾಷಿಯನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಸಿಟ್ಟಾಗಿದ್ದರೆ ಅವನು ಅದಕ್ಕೊಂದು ಉತ್ತರ ಹೊಸೆಯುತ್ತಿದ್ದ.

“ಅವರು ಕೆಲಸದ ಬಗ್ಗೆ ಕೇಳಲಿಲ್ಲ,” ಎಂದರು.

“ಮೇಡಂ, ಅದು ಮಾತಿನ ಭರದಲ್ಲಿ...”

“ನೀವು ಸ್ವಲ್ಪ ಹೊತ್ತು ಏನೂ ಹೇಳಬೇಡಿ. ಆದರೆ ಇಲ್ಲೇ ಇರಿ.”

ಅವರು ತಳ್ಳುಗಾಡಿಯವನಿಗೆ ಹೋಗು ಎಂದು ಕೈ ಮಾಡಿದರು. ಗೋಡೆಯ ಫೋನಿನಲ್ಲಿ ಒಂದು ನಂಬರು ಒತ್ತಿ ಸ್ಪೀಕರಿಗೆ ಹಾಕಿದರು. ಬೇರೆ ಯಾವುದೋ ಊರಲ್ಲಿ ಕೂತು ಫೋನಿನಲ್ಲೇ ಭಾಷಾಂತರ ಮಾಡುವವರ ನಂಬರು. ದುಭಾಷಿ ಅದನ್ನು ಯಾವಾಗಲೂ ಡಬ್ಬದ ದುಭಾಷಿ ಎಂದು ಗೇಲಿ ಮಾಡುತ್ತಿದ್ದ. ಸ್ವಲ್ಪ ಹೊತ್ತು ವೀಣೆಯ ಸದ್ದು ಕೇಳಿಸಿತು. ಆಮೇಲೆ ಒಬ್ಬ ಹುಡುಗಿಯ ದನಿ, ಕನ್ನಡದಲ್ಲಿ: “ನಮಸ್ಕಾರ. ನಾನು ಈ ಕರೆಯ ಭಾಷಾಂತರಗಾರ್ತಿ. ಇಲ್ಲಿ ಯಾರು ಏನು ಹೇಳಿದರೂ ಎಲ್ಲವನ್ನೂ ಎರಡೂ ಕಡೆಗೆ ಹಾಗೇ ಹೇಳ್ತೀನಿ. ಯಾರು ಮಾತಾಡ್ತಾರೋ ಅವರೇ ಆಗಿ, ನಾನು ಅಂತಲೇ ಹೇಳ್ತೀನಿ. ನಿಮಗೆ ತಿಳೀದಿದ್ರೆ ಮಧ್ಯದಲ್ಲೇ ನಿಲ್ಲಿಸಿ.”

ಡಾಕ್ಟರು ಹೇಳತೊಡಗಿದರು. ದನಿ ಹೇಳತೊಡಗಿತು. “ಈ ಆಪರೇಷನ್ ಆದ ಹತ್ತು ಗಂಡಸರಲ್ಲಿ ಏಳೆಂಟು ಜನಕ್ಕೆ ಆಮೇಲೆ ವೀರ್ಯ ಹೊರಗೆ ಬರಲ್ಲ. ಹಿಂದಕ್ಕೆ, ಮೂತ್ರಚೀಲದೊಳಗೆ ಹೋಗತ್ತೆ. ಆಮೇಲೆ ಮೂತ್ರದ ಜೊತೆ ಹೋಗಿಬಿಡತ್ತೆ. ನೋವಿಲ್ಲ, ದೇಹಕ್ಕೆ ತೊಂದರೆ ಇಲ್ಲ. ಗಂಡ ಹೆಂಡತಿ ಕೂಡೋದು ನಿಲ್ಲಬೇಕಾಗಿಲ್ಲ. ಆದರೆ ಹಾಗೆ ಮಗು ಆಗೋದು ತುಂಬಾ ಕಷ್ಟ. ಇದು ಸಾಮಾನ್ಯವಾಗಿ ಮತ್ತೆ ಸರಿಹೋಗಲ್ಲ.”

ಕಾಫಿ ಆರುವಷ್ಟು ಹೊತ್ತೂ ಆಗಲಿಲ್ಲ. ಶಬ್ದಗಳು ಯಾವುವೂ ಹೊಸವಲ್ಲ, ಎಲ್ಲವೂ ದುಭಾಷಿಗೆ ಗೊತ್ತಿದ್ದವೇ. ಅವು ಕೋಣೆಯೊಳಗೆ ಬಂದವು, ಯಾರೂ ಸಾಯಲಿಲ್ಲ, ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಹೆಂಡತಿಯ ತೋಳು ಮಾತ್ರ ಇನ್ನೂ ಅರ್ಧ ಮಡಿಸಿದ ಹಾಗೇ ಇತ್ತು. ಅವಳು ಅದನ್ನು ನಿಧಾನವಾಗಿ ಬಿಡಿಸಿ ಮಡಿಲ ಮೇಲಿಟ್ಟುಕೊಂಡಳು.

“ಹಾಗಾದ್ರೆ ನಮಗೆ ಮಗು...” ಎಂದು ನಿಲ್ಲಿಸಿದಳು.

ಡಾಕ್ಟರು ಒಂದೊಂದಾಗಿ ಹೇಳಿದರು. ಮೊದಲೇ ವೀರ್ಯವನ್ನು ತೆಗೆದು ಅತಿ ತಣ್ಣನೆಯ ಪೆಟ್ಟಿಗೆಯಲ್ಲಿ ಕಾದಿಡಬಹುದು, ಆಮೇಲೆ ಆಪರೇಷನ್ ಮಾಡಿಸಬಹುದು. ಇಲ್ಲವೇ ಈಗಿನ ಮಾತ್ರೆಯ ಜಾಗದಲ್ಲಿ ಬೇರೆ ಮಾತ್ರೆ ನೋಡಬಹುದು, ಕೆಲವು ಮಾತ್ರೆಗಳೂ ವೀರ್ಯವನ್ನು ಕಡಿಮೆ ಮಾಡುತ್ತವೆ, ಆದ್ದರಿಂದ ಯಾವುದೆಂದು ಆರಿಸಬೇಕು. ವೀರ್ಯಕ್ಕೆ ಅಷ್ಟಾಗಿ ಅಡ್ಡಿಮಾಡದ ಬೇರೊಂದು ಚಿಕಿತ್ಸೆ ಇನ್ನೊಂದು ಆಸ್ಪತ್ರೆಯಲ್ಲಿದೆ, ಅದರಿಂದ ಮೂತ್ರದ ತೊಂದರೆ ಇಷ್ಟು ಚೆನ್ನಾಗಿ ಹೋಗದಿರಬಹುದು, ಎಲ್ಲರಿಗೂ ಹೊಂದುವುದೂ ಇಲ್ಲ. ಕಾಯಬಹುದು. ಮೂತ್ರ ಪೂರ್ತಿ ಕಟ್ಟಿದರೆ ಮಾತ್ರ ಕಾಯದೆ ಓಡಿಬರಬೇಕು.

ಟೈಲರು ಫೋನಿನ ಕಡೆ ಬಗ್ಗಿ ಕೇಳಿದ: “ತಾಯೀ, ನಾನು ಸಹಿ ಹಾಕ್ಬಿಟ್ಟಿದ್ದೀನಿ. ಬಟ್ಟೇನೂ ಬಿಚ್ಚಿಸಿಯಾಗಿದೆ. ಈಗ ಬೇಡ ಅಂದ್ರೆ ನಡೆಯತ್ತಾ? ಮುಂದೆ ಈ ಆಸ್ಪತ್ರೆಗೆ ಸೇರಿಸ್ತಾರಾ?”

ಅದೂ ನಾಲ್ಕನೆಯ ಪುಟದಲ್ಲಿತ್ತು. ದುಭಾಷಿಯ ಕನ್ನಡದಲ್ಲಿ, ಸಮ್ಮತಿಯನ್ನು ಹಿಂಪಡೆಯುವ ಹಕ್ಕು ಅಬಾಧಿತ ಎಂದು.

ಡಾಕ್ಟರ ಉತ್ತರ ಬಂತು. “ಸಹಿ ಹಾಕಿದ್ರೂ ಬೇಡ ಅನ್ನಬಹುದು. ಒಳಗೆ ಹೋಗಿ ಮಲಗಿದ ಮೇಲೂ, ಶುರುವಾಗೋ ತನಕ ಯಾವಾಗ ಬೇಕಾದ್ರೂ ಬೇಡ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ. ನಾನು ಸಿಟ್ಟಾಗಲ್ಲ. ನಿಮ್ಮನ್ನ ಮೊದಲಿನ ಹಾಗೇ ನೋಡ್ಕೋತೀನಿ. ಆಮೇಲೆ ಬೇಕು ಅನ್ಸಿದ್ರೆ ಆಗ ಮತ್ತೆ ಮಾತಾಡೋಣ.”

ಟೈಲರು ಹೆಂಡತಿಯನ್ನು ನೋಡಿದ. ಅವಳು ತಲೆಯಾಡಿಸಲಿಲ್ಲ, ಬರೀ ನೋಡಿದಳು.

“ಹಾಗಾದ್ರೆ ಇವತ್ತು ಬೇಡ,” ಎಂದ. “ಇವಳ ಹತ್ರ ಮಾತಾಡ್ಬೇಕು. ಆ ಕಾದಿಡೋ ವಿಷಯ ಇನ್ನೊಂದು ಸಲ ಬಿಡಿಸಿ ಹೇಳಿ ಆಮೇಲೆ.” ಡಾಕ್ಟರು ಕಾಗದದ ಮೇಲೆ ಅಡ್ಡಗೆರೆ ಎಳೆದು, ರೋಗಿ ಒಪ್ಪಿಗೆ ಹಿಂತೆಗೆದುಕೊಂಡಿದ್ದಾರೆ ಎಂದು ಬರೆದು, ದಿನಾಂಕ ಹಾಕಿದರು.

ಆಮೇಲೆ ಟೈಲರು ದುಭಾಷಿಯ ಕಡೆ ತಿರುಗಿದ. ಹಿಂದೆ ಬಯಲಾದ ನಿಲುವಂಗಿಯಲ್ಲಿ ಕೂತವನು ಅವನು. ಆದರೆ ಮೈ ಮುಚ್ಚಿಕೊಳ್ಳಬೇಕೆನಿಸಿದ್ದು ದುಭಾಷಿಗೆ.

“ಸಾರ್, ಇದು ನಿಮಗೆ ಗೊತ್ತಿತ್ತಾ?”

“ಏನಾಯ್ತು ಅಂದ್ರೆ, ಅಚ್ಚು ಹಾಕೋರು ಆ ಸಾಲನ್ನ...” ಎಂದು ದುಭಾಷಿ ಶುರುಮಾಡಿದ. ಅವನ ಮಾತು ಮುಗಿಯುವ ಮೊದಲೇ ಗೋಡೆಯಿಂದ ಆ ಹುಡುಗಿಯ ದನಿ ಅದನ್ನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿತು, ಅಚ್ಚು ಹಾಕುವವರು ಆ ಸಾಲನ್ನು ಎಂದು, ಅಷ್ಟೇ ಉದ್ದಕ್ಕೆ, ಅಷ್ಟೇ ಅರ್ಧಕ್ಕೆ ನಿಲ್ಲಿಸಿ. ತನ್ನ ಸುಳ್ಳು ಬೇರೊಬ್ಬರ ಬಾಯಲ್ಲಿ, ಏನೂ ಸೇರದೆ ಏನೂ ಬಿಡದೆ, ಇಷ್ಟೇ ಇಷ್ಟು ಸಣ್ಣದಾಗಿ ಕೇಳಿಸಿದ್ದು ದುಭಾಷಿಗೆ ಅದೇ ಮೊದಲು.

ದುಭಾಷಿ ಟೈಲರಿನ ಕಡೆ ತಿರುಗಿದ.

“ಗೊತ್ತಿತ್ತು,” ಎಂದ.

“ನನಗೆ ಗೊತ್ತಿತ್ತು,” ಎಂದಿತು ದನಿ ಇಂಗ್ಲಿಷಿನಲ್ಲಿ.

“ಅಚ್ಚಿನವರದು ಏನೂ ತಪ್ಪಿಲ್ಲ. ಬರೆದೋನು ನಾನೇ. ಬರೆಯೋಕೆ ನಾಚಿಕೆ ಆಯ್ತು. ಅವತ್ತು ನಿಮ್ಮೆದುರು ಹೇಳೋಕೂ ನಾಚಿಕೆ ಆಯ್ತು. ಇವರು ಅಣ್ಣಾ ಅಂದ್ರು.” ಅವನು ನಿಂತ. ದನಿ ಅಷ್ಟನ್ನೂ ಹೇಳಿ ಮುಗಿಸುವವರೆಗೆ ಕಾಯಬೇಕಾಯಿತು. ಒಬ್ಬಳು ಹುಡುಗಿ ಅವನ ನಾಚಿಕೆಯನ್ನು, ನಾನು ನಾನು ಎನ್ನುತ್ತಾ, ನಾಚದೆ ಹೇಳುತ್ತಿದ್ದಳು. “ಇವತ್ತು ಹೇಳದೇ ಇದ್ದದ್ದು ನಾಚಿಕೆಗಲ್ಲ. ಸಿಕ್ಕಿಬೀಳ್ತೀನಿ ಅಂತ. ನೀವು ಹೇಳಿದ್ದನ್ನ ಡಾಕ್ಟರಿಗೆ ಸುಳ್ಳು ಮಾಡಿ ಹೇಳಿದೆ. ಎರಡು ಸಲ. ಆ ಕಾಗದ ಪರೀಕ್ಷೆ ಮಾಡಿದೋರೂ ಯಾರೂ ಇಲ್ಲ. ನನ್ನ ಭಾವಮೈದುನ ಸಹಿ ಹಾಕಿದ್ದು. ಅವನು ಓದಿಲ್ಲ, ನಾನೇ ಬರೆದು ಕೊಟ್ಟೆ.”

ಡಾಕ್ಟರ ಪೆನ್ನು ಮೇಜಿನ ಮೇಲೆ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

“ಇವತ್ತು ನಾನು ಕೈ ಮಾಡಿ ತೋರಿಸ್ದೇ ಇದ್ದಿದ್ರೆ?” ಎಂದಳು ಹೆಂಡತಿ. ಅಣ್ಣಾ ಎನ್ನಲಿಲ್ಲ.

“ಕಳಿಸಿಬಿಡ್ತಿದ್ದೆ ಒಳಗೆ.”

“ಬೇರೆಯವರಿಗೂ ಇದೇ ಕಾಗದ ಕೊಟ್ಟಿದ್ದೀರಾ?”

ಎಷ್ಟೋ ಜನ ಗಂಡಸರು ಆ ಪುಟದ ಮೇಲೆ ಕಣ್ಣಾಡಿಸಿ ಸಹಿ ಹಾಕಿದ್ದರು. ಕೆಲವರಿಗೆ ಮೊಮ್ಮಕ್ಕಳಿದ್ದರು. ಎಲ್ಲರಿಗೂ ಇದ್ದರೇ? ಒಬ್ಬ ನಲವತ್ತೆಂಟರವನಿದ್ದ. ಲಾರಿ ಓಡಿಸುತ್ತಿದ್ದ, ಮಾತು ಕಡಿಮೆ. ಅವನಿಗೆ ಮಕ್ಕಳೆಷ್ಟು ಎಂದು ದುಭಾಷಿ ಕೇಳಿರಲಿಲ್ಲ.

“ಕೊಟ್ಟಿದ್ದೀನಿ. ಆರು ತಿಂಗಳಿಂದ, ನಮ್ಮ ಭಾಷೆಯ ಎಲ್ಲರಿಗೂ ಅದೇ ಕಾಗದ. ಅವರಲ್ಲಿ ಒಬ್ಬರೂ ಆ ಸಾಲಿನ ಬಗ್ಗೆ ಏನೂ ಕೇಳ್ಲಿಲ್ಲ,” ಎಂದ ದುಭಾಷಿ. “ಯಾರೂ ಕೇಳದ ಹಾಗೆ ಬರೆದಿದ್ದೆ.”

ಗೋಡೆಯ ಮೇಲಿನ ದನಿ ಅದನ್ನೂ ಡಾಕ್ಟರಿಗೆ ಹೇಳಿತು, ಒಂದು ಶಬ್ದ ಹೆಚ್ಚಿಲ್ಲದೆ, ಒಂದು ಶಬ್ದ ಕಡಿಮೆಯಿಲ್ಲದೆ.